ಅಣುಗಳ ತಲೆಎಣಿಕೆಯಿಂದ ಸಿಕ್ಕ ಆಕಾಶದ ಉಷ್ಣತೆ

ನಕ್ಷತ್ರಗಳ ನಡುವಿನ ಬಯಲಿನಲ್ಲಿ ಎಷ್ಟು ಚಳಿಯಿದೆ? ಅಲ್ಲಿಗೆ ಥರ್ಮಾಮೀಟರ್ ಒಯ್ಯುವ ಹಾಗಿಲ್ಲ. ಆದರೂ 1941ರಲ್ಲಿ ಕೆನಡಾದ ಖಗೋಳವಿಜ್ಞಾನಿ ಆಂಡ್ರ್ಯೂ ಮೆಕೆಲ್ಲರ್ ಒಂದು ಅಂಕಿ ಕೊಟ್ಟರು: 2.3 ಕೆಲ್ವಿನ್. ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಸುಮಾರು 271 ಡಿಗ್ರಿ ಕೆಳಗೆ. ಅವರು ಮಾಡಿದ್ದು ಒಂದು ಬಗೆಯ ತಲೆಎಣಿಕೆ.

ಉರಗಧರ ಪುಂಜದಲ್ಲಿರುವ ಝೀಟಾ ಒಫಿಯೂಕಿ ಎಂಬ ನಕ್ಷತ್ರದ ಬೆಳಕು ನಮ್ಮತ್ತ ಬರುವಾಗ ದಾರಿಯಲ್ಲಿ ತೆಳುವಾದ ಅನಿಲದ ಮೋಡವೊಂದನ್ನು ಹಾಯುತ್ತದೆ. ಅದರಲ್ಲಿ ಸಯನೋಜೆನ್ ಅಣುಗಳಿವೆ. ಒಂದು ಇಂಗಾಲ, ಒಂದು ಸಾರಜನಕ ಸೇರಿ ಆದ ಈ ಪುಟ್ಟ ಜೋಡಿ ತಿರುಗಬಲ್ಲದು, ಆದರೆ ಮನಬಂದ ವೇಗದಲ್ಲಿ ಅಲ್ಲ. ತಿರುಗದೆ ಇರುವುದು ತಳಮಟ್ಟ, ಅತಿ ನಿಧಾನವಾಗಿ ತಿರುಗುವುದು ಅದರ ಮೇಲಿನ ಮಟ್ಟ. ಇವೆರಡರ ನಡುವೆ ಬೇರೆ ಮಟ್ಟವಿಲ್ಲ.

ಎಷ್ಟು ಅಣುಗಳು ಕೆಳಗೆ, ಎಷ್ಟು ಮೇಲೆ? ಉಷ್ಣ ಸಮತೋಲನದಲ್ಲಿ ಇದಕ್ಕೆ ಉತ್ತರ ಕೊಡುವುದು ಲುಡ್ವಿಗ್ ಬೋಲ್ಟ್ಸ್‌ಮನ್ ಹೆಸರಿನ ಗುಣಕ:

N₁/N₀ = (g₁/g₀) × e^(−ΔE/kT)

ಇಲ್ಲಿ ΔE ಎರಡು ಮಟ್ಟಗಳ ನಡುವಿನ ಶಕ್ತಿಯ ಅಂತರ, T ಉಷ್ಣತೆ, k ಬೋಲ್ಟ್ಸ್‌ಮನ್ ಸ್ಥಿರಾಂಕ. ಏರಲು ಬೇಕಾದ ಶಕ್ತಿ ಸುತ್ತಲಿನ ಉಷ್ಣಶಕ್ತಿಯ ಎಷ್ಟು ಪಟ್ಟು ಎಂಬುದೇ ಘಾತದಲ್ಲಿ ಕೂತಿದೆ. g ಎಂದರೆ ಒಂದು ಮಟ್ಟದಲ್ಲಿ ಅಣು ಇರಬಹುದಾದ ಬಗೆಗಳ ಸಂಖ್ಯೆ. ಸಯನೋಜೆನ್ನಿನ ತಳಮಟ್ಟಕ್ಕೆ ಒಂದೇ ಬಗೆ. ಮೇಲಿನದಕ್ಕೆ ತಿರುಗುವ ದಿಕ್ಕನ್ನನುಸರಿಸಿ ಮೂರು. ಹಾಗಾಗಿ ಸೂತ್ರದ ಮೊದಲ ಭಾಗ 3.

ಈ ಅಂತರ ಬಹಳ ಚಿಕ್ಕದು, ಸುಮಾರು 7.52 × 10⁻²³ ಜೂಲ್. ಅದನ್ನು k, ಅಂದರೆ 1.38 × 10⁻²³ರಿಂದ ಭಾಗಿಸಿದರೆ 5.45 ಕೆಲ್ವಿನ್ ಬರುತ್ತದೆ. ಇನ್ನು ಲೆಕ್ಕ ಸಲೀಸು: ಅನುಪಾತ = 3 × e^(−5.45/T).

ಕೋಣೆಯ ಉಷ್ಣತೆ 300 ಕೆಲ್ವಿನ್ ಎಂದುಕೊಳ್ಳಿ. ಘಾತ 0.018 ಮಾತ್ರ, ಗುಣಕ 0.98, ಅನುಪಾತ 2.95. ಅಂದರೆ ಕೆಳಗಿನ ಒಂದು ಅಣುವಿಗೆ ಮೇಲೆ ಹೆಚ್ಚುಕಡಿಮೆ ಮೂರು. ಎಷ್ಟೇ ಕಾಯಿಸಿದರೂ ಇದು 3ನ್ನು ದಾಟದು. 10 ಕೆಲ್ವಿನ್‌ಗೆ ಇಳಿಸಿದರೆ ಅನುಪಾತ 1.74. ಇನ್ನೂ ಇಳಿಸಿ 2.725 ಕೆಲ್ವಿನ್‌ಗೆ ತಂದರೆ ಘಾತ 2, ಗುಣಕ 0.135, ಅನುಪಾತ 0.41. 1 ಕೆಲ್ವಿನ್‌ನಲ್ಲಿ ಅದು ಕೇವಲ 0.013, ಮೇಲಿನ ಮಟ್ಟ ಬಹುತೇಕ ಖಾಲಿ. ಉಷ್ಣತೆ 5.45ಕ್ಕಿಂತ ತುಂಬ ಹೆಚ್ಚಿದ್ದರೆ ಅನುಪಾತ ಅಲುಗುವುದೇ ಇಲ್ಲ. ಅದರ ಆಸುಪಾಸಿನಲ್ಲಿ ಮತ್ತು ಕೆಳಗೆ ಸ್ವಲ್ಪ ಬದಲಾದರೂ ಎದ್ದು ಕಾಣುತ್ತದೆ. ಚಳಿಯನ್ನು ಅಳೆಯಲು ಸಯನೋಜೆನ್ ಒದಗಿದ್ದು ಇದಕ್ಕಾಗಿಯೇ.

ಈಗ ಲೆಕ್ಕವನ್ನು ತಿರುವಿಹಾಕೋಣ. ಎರಡು ಮಟ್ಟಗಳ ಅಣುಗಳು ನಕ್ಷತ್ರದ ಬೆಳಕಿನಲ್ಲಿ ತುಸು ಬೇರೆ ಬೇರೆ ತರಂಗಾಂತರಗಳನ್ನು ಹೀರುತ್ತವೆ: ಕೆಳಗಿನವು 387.46 ನ್ಯಾನೋಮೀಟರ್, ಮೇಲಿನವು 387.40. ರೋಹಿತದಲ್ಲಿ ಅಲ್ಲಿ ಎರಡು ಕಪ್ಪು ಗೆರೆಗಳು ಮೂಡುತ್ತವೆ. ವಾಲ್ಟರ್ ಆಡಮ್ಸ್ ಅವರ ಅಂದಾಜಿನಂತೆ ಗೆರೆಗಳ ತೀವ್ರತೆ 5ಕ್ಕೆ 1. ಮೇಲಿನ ಮಟ್ಟದ ಅಣು ತನ್ನ ಗೆರೆಯಲ್ಲಿ ಹೀರುವುದು ಕೆಳಗಿನದರ ಮೂರರಲ್ಲೆರಡು ಪಾಲು ಮಾತ್ರ. ಆದ್ದರಿಂದ ನಿಜವಾದ ಅನುಪಾತ 1/5 × 3/2 = 0.3. ಸೂತ್ರದಲ್ಲಿಟ್ಟರೆ e^(−5.45/T) = 0.1, ಘಾತ 2.3, T ಸುಮಾರು 2.4 ಕೆಲ್ವಿನ್. ಮೆಕೆಲ್ಲರ್ ಪ್ರಕಟಿಸಿದ 2.3ಕ್ಕೆ ಇದು ಪಕ್ಕದಲ್ಲೇ ಇದೆ.

ಆದರೆ ಇದು ಯಾವುದರ ಉಷ್ಣತೆ? ಇಂಥ ಅನುಪಾತ ತಿಳಿಸುವುದು ಅಣುಗಳನ್ನು ಮೇಲೆ ಕೆಳಗೆ ಓಡಾಡಿಸುತ್ತಿರುವುದರ ಉಷ್ಣತೆಯನ್ನು. ದಟ್ಟ ಅನಿಲದಲ್ಲಾದರೆ ಆ ಕೆಲಸ ಡಿಕ್ಕಿಗಳದ್ದು. ಈ ತೆಳು ಮೋಡದಲ್ಲಿ ಡಿಕ್ಕಿಗಳು ವಿರಳ, ಅನಿಲವಂತೂ ಇದಕ್ಕಿಂತ ಬಹಳ ಬೆಚ್ಚಗಿದೆ. ಹಾಗಿದ್ದರೆ ಅಣುಗಳನ್ನು ಏರಿಸುತ್ತಿದ್ದದ್ದು ಯಾವುದು? ಆಗ ಯಾರೂ ಉತ್ತರ ಹೇಳಲಿಲ್ಲ. ಮೆಕೆಲ್ಲರ್ 1960ರಲ್ಲಿ ತೀರಿಕೊಂಡರು.

1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಮೈಕ್ರೋವೇವ್ ವಿಕಿರಣವನ್ನು ಪ್ರಕಟಿಸಿದರು. ಸಯನೋಜೆನ್ ಅಣುವನ್ನು ಮೇಲಕ್ಕೇರಿಸಲು ಬೇಕಾದ 2.64 ಮಿಲಿಮೀಟರ್ ಅಲೆ ಅದರಲ್ಲಿ ಇದ್ದೇ ಇದೆ. ಮರುವರ್ಷವೇ ಹಲವರು ಹಳೆಯ ಗೆರೆಗಳನ್ನು ನೆನೆದು ಎರಡನ್ನೂ ಜೋಡಿಸಿದರು. ಬೇರೆ ಬೇರೆ ನಕ್ಷತ್ರಗಳ ಮುಂದಿನ ಮೋಡಗಳಲ್ಲೂ ಹೆಚ್ಚುಕಡಿಮೆ ಅದೇ ಉಷ್ಣತೆ ಸಿಕ್ಕಿತು. ಏರಿಸುವುದು ಆಯಾ ಮೋಡದ ಡಿಕ್ಕಿಗಳಾಗಿದ್ದರೆ ಉತ್ತರ ಮೋಡದಿಂದ ಮೋಡಕ್ಕೆ ಬದಲಾಗಬೇಕಿತ್ತು.

ಆ ವಿಕಿರಣ ಮಹಾಸ್ಫೋಟದ ಪಳೆಯುಳಿಕೆ. ಅದರ ಇಂದಿನ ಅಳತೆ 2.725 ಕೆಲ್ವಿನ್. ಪೆಂಜಿಯಾಸ್ ಮತ್ತು ವಿಲ್ಸನ್‌ರಿಗೆ 1978ರಲ್ಲಿ ನೊಬೆಲ್ ಬಂತು. ಆದರೆ ವಿಶ್ವದ ಉಷ್ಣತೆಯನ್ನು ಮೊದಲು ಅಳೆದವರು, ತಾವು ಅಳೆದದ್ದು ಏನೆಂದು ತಿಳಿಯದೆಯೇ, ಮೆಕೆಲ್ಲರ್.