ಉಳಿದ ಇನ್ನೂರು ಕ್ವಿಂಟಲ್ ಅಡಿಕೆಗೆ ಯಾವ ದರ ಕಟ್ಟಬೇಕು?

ಮಾರ್ಚ್ ಹತ್ತಿರ ಬಂದಾಗ ವ್ಯಾಪಾರಸ್ಥರು ತಮ್ಮ ಆಡಿಟರಲ್ಲಿ ಕೇಳುವ ಪ್ರಶ್ನೆಯೊಂದಿದೆ: “ಸ್ಟಾಕಿನ ಲೆಕ್ಕ ಹಾಕೋ ರೀತಿ ಬದಲಾಯಿಸಿದ್ರೆ ಟ್ಯಾಕ್ಸ್ ಕಮ್ಮಿ ಆಗುತ್ತಂತಲ್ಲ ಸಾರ್, ನಮಗೂ ಹಾಗೇ ಮಾಡಿಕೊಡಿ.” ಬಾಯಿಮಾತಿನಲ್ಲಿ ಹೌದು ಅಥವಾ ಇಲ್ಲ ಎಂದು ಮುಗಿಸುವ ಪ್ರಶ್ನೆ ಇದಲ್ಲ. ಒಳ್ಳೆಯ ಆಡಿಟರು ಎರಡು ಪುಟದ ಟಿಪ್ಪಣಿ ಬರೆದು, ಅಂಕಿ ಇಟ್ಟು ತೋರಿಸಿ, ಆಮೇಲೆ ತೀರ್ಮಾನವನ್ನು ಮಾಲೀಕರಿಗೆ ಬಿಡುತ್ತಾರೆ. ಅಂಥ ಟಿಪ್ಪಣಿಯಲ್ಲಿ ಏನಿರಬೇಕು ಎಂಬುದನ್ನು ಶಿವಮೊಗ್ಗದ ಒಬ್ಬ ಅಡಿಕೆ ವರ್ತಕರ ಉದಾಹರಣೆ ಇಟ್ಟುಕೊಂಡು ನೋಡೋಣ. ಅವರದು ಪಾಲುದಾರಿಕೆ ಸಂಸ್ಥೆ, ರಾಶಿ ಅಡಿಕೆಯ ವ್ಯಾಪಾರ. ಕೆಳಗಿನ ದರಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟವು, ಮಾರುಕಟ್ಟೆಯ ವರದಿಯಲ್ಲ.

2025ರ ಏಪ್ರಿಲ್ 1ರಂದು ಗೋದಾಮಿನಲ್ಲಿ 100 ಕ್ವಿಂಟಲ್ ಇತ್ತು, ಕ್ವಿಂಟಲಿಗೆ 46,000 ರೂಪಾಯಿಯಂತೆ. ಮೇ ತಿಂಗಳಲ್ಲಿ 48,000ದ ದರದಲ್ಲಿ 300 ಕ್ವಿಂಟಲ್ ಕೊಂಡರು. ಡಿಸೆಂಬರಿನಲ್ಲಿ 54,000ಕ್ಕೆ 300, ಫೆಬ್ರವರಿಯಲ್ಲಿ 58,000ಕ್ಕೆ ಇನ್ನೊಂದು 300. ಒಟ್ಟು 1,000 ಕ್ವಿಂಟಲ್, ಅದಕ್ಕೆ ಬಿದ್ದ ದುಡ್ಡು 5 ಕೋಟಿ 26 ಲಕ್ಷ. ವರ್ಷದಲ್ಲಿ ಸರಾಸರಿ 55,000ದಂತೆ 800 ಕ್ವಿಂಟಲ್ ಮಾರಿ 4 ಕೋಟಿ 40 ಲಕ್ಷ ಬಂತು. ಮಾರ್ಚ್ 31ಕ್ಕೆ ಉಳಿದದ್ದು 200 ಕ್ವಿಂಟಲ್, ಅಂದಿನ ಪೇಟೆ ದರ 61,000.

ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ಕೊಂಡದ್ದಕ್ಕೂ ಮಾರಿದ್ದಕ್ಕೂ ಬಿಲ್ಲಿದೆ. ಬಿಲ್ಲಿಲ್ಲದಿರುವುದು ಒಂದಕ್ಕೇ: ಉಳಿದ 200 ಕ್ವಿಂಟಲಿನ ಬೆಲೆ. ಅದನ್ನು ನಾವೇ ಕಟ್ಟಬೇಕು. 5.26 ಕೋಟಿಯಲ್ಲಿ ಉಳಿದ ಮಾಲಿನ ಬೆಲೆ ಎಷ್ಟು ಎಂದು ಬರೆಯುತ್ತೇವೋ ಅಷ್ಟನ್ನು ಕಳೆದು ಮಿಕ್ಕದ್ದು ಮಾರಿದ ಮಾಲಿನ ಖರ್ಚಾಗುತ್ತದೆ. ಉಳಿಕೆಯ ಬೆಲೆ ಹೆಚ್ಚು ಕಟ್ಟಿದರೆ ಖರ್ಚು ಇಳಿದು ಲಾಭ ಏರುತ್ತದೆ, ಕಡಿಮೆ ಕಟ್ಟಿದರೆ ಲಾಭ ಇಳಿಯುತ್ತದೆ.

ಈ ಸಂಸ್ಥೆ ಇದುವರೆಗೆ ಅನುಸರಿಸುತ್ತಿದ್ದದ್ದು ಫಿಫೊ ಪದ್ಧತಿ. ಮೊದಲು ಬಂದ ಮಾಲು ಮೊದಲು ಹೋಯಿತು ಎಂದು ಹಿಡಿಯುವುದು ಅದರ ಕ್ರಮ. ಹಾಗಾದರೆ ಉಳಿದಿರುವುದೆಲ್ಲ ಫೆಬ್ರವರಿಯ ಖರೀದಿ. 200 ಕ್ವಿಂಟಲಿಗೆ 58,000ದಂತೆ 1 ಕೋಟಿ 16 ಲಕ್ಷ. ಮಾರಿದ ಮಾಲಿನ ಖರ್ಚು 4 ಕೋಟಿ 10 ಲಕ್ಷ, ವ್ಯಾಪಾರದ ಲಾಭ 30 ಲಕ್ಷ. ಗೋದಾಮಿನ ಬಾಡಿಗೆ, ಹಮಾಲಿ, ಬಡ್ಡಿ, ಪಾಲುದಾರರ ಸಂಬಳ ಎಲ್ಲ ಸೇರಿ 8 ಲಕ್ಷ ಕಳೆದರೆ 22 ಲಕ್ಷ ನಿವ್ವಳ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಅದರ ಮೇಲೆ ಶೇ. 4ರ ಸೆಸ್ ಸೇರಿ ಶೇ. 31.2. ಕಟ್ಟಬೇಕಾದದ್ದು 6,86,400 ರೂಪಾಯಿ.

ಈಗ ಸರಾಸರಿ ಪದ್ಧತಿಗೆ ಬರೋಣ. ಇಡೀ ವರ್ಷದ 5.26 ಕೋಟಿಯನ್ನು 1,000 ಕ್ವಿಂಟಲಿಗೆ ಹಂಚಿದರೆ ಕ್ವಿಂಟಲಿಗೆ 52,600. ಉಳಿದ ಮಾಲಿನ ಬೆಲೆ 1 ಕೋಟಿ 5 ಲಕ್ಷ 20 ಸಾವಿರಕ್ಕೆ ಇಳಿಯಿತು. ವ್ಯಾಪಾರದ ಲಾಭ 19 ಲಕ್ಷ 20 ಸಾವಿರ, ಖರ್ಚು ಕಳೆದು 11 ಲಕ್ಷ 20 ಸಾವಿರ, ತೆರಿಗೆ 3,49,440. ಗೋದಾಮಿನಲ್ಲಿ ಒಂದು ಚೀಲವೂ ಅಲುಗಲಿಲ್ಲ, ಪುಸ್ತಕದ ಲಾಭ ಮಾತ್ರ 10 ಲಕ್ಷ 80 ಸಾವಿರ ಇಳಿಯಿತು. ತೆರಿಗೆಯಲ್ಲಿ 3,36,960 ರೂಪಾಯಿ ವ್ಯತ್ಯಾಸ.

ಟಿಪ್ಪಣಿ ಇಲ್ಲಿಗೇ ನಿಂತರೆ ಮಾಲೀಕರಿಗೆ ಅನ್ಯಾಯವಾಗುತ್ತದೆ. ಮುಂದಿನ ವರ್ಷದ ಪುಟವನ್ನೂ ತೋರಿಸಲೇಬೇಕು. ಮುಂದಿನ ವರ್ಷ ಅವರು 60,000ದಂತೆ 700 ಕ್ವಿಂಟಲ್ ಕೊಂಡು, ಹಳೆಯದೂ ಸೇರಿ 900 ಕ್ವಿಂಟಲನ್ನೂ 62,000ಕ್ಕೆ ಮಾರಿ ಗೋದಾಮು ಖಾಲಿ ಮಾಡಿದರು ಎನ್ನಿ. ಮಾರಾಟ 5 ಕೋಟಿ 58 ಲಕ್ಷ. ಫಿಫೊದಲ್ಲಿ ವರ್ಷದ ಆರಂಭದ ದಾಸ್ತಾನು 1.16 ಕೋಟಿ, ಖರೀದಿ 4.20 ಕೋಟಿ, ಲಾಭ 22 ಲಕ್ಷ. ಸರಾಸರಿಯಲ್ಲಿ ಆರಂಭದ ದಾಸ್ತಾನು 1.052 ಕೋಟಿಯೇ ಆದ್ದರಿಂದ ಲಾಭ 32 ಲಕ್ಷ 80 ಸಾವಿರ. ಎರಡು ವರ್ಷ ಕೂಡಿಸಿ ನೋಡಿ: ಒಂದು ಕಡೆ 30 ಮತ್ತು 22, ಇನ್ನೊಂದು ಕಡೆ 19.2 ಮತ್ತು 32.8. ಎರಡೂ 52 ಲಕ್ಷವೇ. ಈ ವರ್ಷ ಕಡಿಮೆಯಾದ 10.8 ಲಕ್ಷ ಮುಂದಿನ ವರ್ಷ ಹಾಗೇ ಬಂದು ಸೇರಿತು. ಈ ವರ್ಷದ ಮುಗಿತಾಯದ ದಾಸ್ತಾನೇ ಮುಂದಿನ ವರ್ಷದ ಆರಂಭದ ದಾಸ್ತಾನು ಆಗಿರುವುದರಿಂದ ಇದು ತಪ್ಪಿದ್ದಲ್ಲ.

ಹಾಗಾಗಿ ಮಾಲೀಕರಿಗೆ ನಿಜವಾಗಿ ದಕ್ಕಿದ್ದು 3.37 ಲಕ್ಷವಲ್ಲ, ಅಷ್ಟು ದುಡ್ಡನ್ನು ಒಂದು ವರ್ಷ ಕೈಯಲ್ಲಿಟ್ಟುಕೊಂಡ ಅನುಕೂಲ. ಬ್ಯಾಂಕಿನ ಸಾಲಕ್ಕೆ ಶೇ. 10ರ ಬಡ್ಡಿ ಎಂದುಕೊಂಡರೆ ಅದರ ಬೆಲೆ ಸುಮಾರು 33,700 ರೂಪಾಯಿ. ಗೋದಾಮು ಎಂದೂ ಖಾಲಿಯಾಗದೆ, ದರ ಏರುತ್ತಲೇ ಹೋದರೆ ಮುಂದೂಡಿಕೆ ಇನ್ನಷ್ಟು ವರ್ಷ ನಡೆಯುತ್ತದೆ. ಅಡಿಕೆಯ ದರ ಹಾಗೆ ಒಂದೇ ದಿಕ್ಕಿನಲ್ಲಿ ಹೋಗುವುದಿಲ್ಲ ಎಂಬುದು ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ದರ ಇಳಿಯುತ್ತ ಹೋದ ವರ್ಷ ಸರಾಸರಿಯ ದರವೇ ಕೊನೆಯ ಖರೀದಿಗಿಂತ ಮೇಲಿದ್ದು, ಹೆಚ್ಚು ಲಾಭ ತೋರಿಸುವುದು ಸರಾಸರಿ ಪದ್ಧತಿಯೇ ಆಗಬಹುದು.

ದರ ಬಹಳ ಕುಸಿದರೆ ಇನ್ನೊಂದು ನಿಯಮ ಅಡ್ಡ ಬರುತ್ತದೆ. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದ್ದಕ್ಕೇ ಕಟ್ಟಬೇಕು. ಮಾರ್ಚ್ 31ರಂದು ಹಾಗೆ ಕೈಗೆ ಬರುವುದು 61,000ದ ಬದಲು 50,000 ಮಾತ್ರ ಆಗಿದ್ದರೆ? ಫಿಫೊದ 58,000ವೂ ನಿಲ್ಲುವುದಿಲ್ಲ, ಸರಾಸರಿಯ 52,600ವೂ ನಿಲ್ಲುವುದಿಲ್ಲ. ಎರಡರಲ್ಲೂ ಉಳಿಕೆ ಒಂದು ಕೋಟಿಗೇ ಇಳಿಯುತ್ತದೆ. ಆ ವರ್ಷ ಪದ್ಧತಿ ಬದಲಾಯಿಸಿದರೂ ಒಂದು ರೂಪಾಯಿಯ ವ್ಯತ್ಯಾಸ ಕಾಣುವುದಿಲ್ಲ.

ಸರಾಸರಿಯಲ್ಲೂ ಎರಡು ಬಗೆ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಮೇಲೆ ನಾವು ಇಡೀ ವರ್ಷಕ್ಕೆ ಒಂದೇ ಸರಾಸರಿ ತೆಗೆದೆವು. ಪ್ರತಿ ಖರೀದಿ ಬಂದಾಗಲೂ ಅಂದು ಗೋದಾಮಿನಲ್ಲಿರುವ ಮಾಲಿನ ಜೊತೆ ಸೇರಿಸಿ ಹೊಸ ಸರಾಸರಿ ತೆಗೆಯುವುದು ಇನ್ನೊಂದು ಕ್ರಮ. ನಮ್ಮ ವರ್ತಕರು ಡಿಸೆಂಬರಿನ ಖರೀದಿಗೆ ಮೊದಲು 350 ಕ್ವಿಂಟಲ್, ಫೆಬ್ರವರಿಗೆ ಮೊದಲು 250, ಆಮೇಲೆ 200 ಮಾರಿದ್ದರು ಎನ್ನಿ. ಮೇ ತಿಂಗಳ ನಂತರ ಸರಾಸರಿ 47,500. ಆ ದರದ 50 ಕ್ವಿಂಟಲ್ ಮಾತ್ರ ಉಳಿದಿದ್ದಾಗ ಡಿಸೆಂಬರಿನ 300 ಬಂದು ಸರಾಸರಿ 53,071ಕ್ಕೆ ಏರಿತು. ಅದರಲ್ಲಿ 100 ಉಳಿದಿದ್ದಾಗ ಫೆಬ್ರವರಿಯ ಮಾಲು ಸೇರಿ 56,768 ಆಯಿತು. ಕೊನೆಯ 200 ಕ್ವಿಂಟಲಿಗೆ ಸುಮಾರು 1 ಕೋಟಿ 13 ಲಕ್ಷ 54 ಸಾವಿರ. ಫಿಫೊಗೂ ಇದಕ್ಕೂ ಅಂತರ ಎರಡೂವರೆ ಲಕ್ಷದೊಳಗೆ, ತೆರಿಗೆಯ ಅಂತರ ಸುಮಾರು 76,900. ಮಾಲು ಬೇಗ ತಿರುಗುವ ವ್ಯಾಪಾರದಲ್ಲಿ ಹಳೆಯ ದರ ಗೋದಾಮಿನಿಂದ ಬೇಗ ಹೊರಹೋಗುತ್ತದೆ, ಅದಕ್ಕೇ ಈ ಎರಡು ಲೆಕ್ಕಗಳು ಹತ್ತಿರ ಬಂದವು. “ಸರಾಸರಿ ಮಾಡಿ” ಎಂದಷ್ಟೇ ಹೇಳಿದರೆ ಸಾಲದು, ಯಾವ ಸರಾಸರಿ ಎಂದು ಟಿಪ್ಪಣಿಯಲ್ಲಿ ಬರೆದಿರಬೇಕು.

ಇನ್ನು ಕಾನೂನು. ಕೊನೆಗೆ ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವ ಲಿಫೊ ಪದ್ಧತಿಗೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ಜಾಗವಿದೆ, ನಮ್ಮಲ್ಲಿ ಇಲ್ಲ. ಇಂಥ ಬಿಡಿ ಮಾಲಿಗೆ ಇಲ್ಲಿ ಇರುವುದು ಫಿಫೊ ಮತ್ತು ತೂಕದ ಸರಾಸರಿ ಎರಡೇ. 2016-17ರಿಂದ ಜಾರಿಯಲ್ಲಿರುವ ಆದಾಯ ಲೆಕ್ಕದ ಮಾನದಂಡಗಳಲ್ಲಿ, ಅಂದರೆ ಐಸಿಡಿಎಸ್‌ಗಳಲ್ಲಿ, ಎರಡನೆಯದು ದಾಸ್ತಾನಿಗೆ ಸಂಬಂಧಿಸಿದ್ದು. ಒಮ್ಮೆ ಹಿಡಿದ ಪದ್ಧತಿಯನ್ನು ಸಮಂಜಸ ಕಾರಣವಿಲ್ಲದೆ ಬದಲಾಯಿಸುವಂತಿಲ್ಲ ಎಂದು ಅದು ಹೇಳುತ್ತದೆ. ಆರಂಭದ ದಾಸ್ತಾನು ಹಿಂದಿನ ವರ್ಷದ ಮುಗಿತಾಯದ ಬೆಲೆಯೇ ಆಗಿರಬೇಕು ಎಂದೂ ಹೇಳುತ್ತದೆ. ಚೈನ್‌ರೂಪ್ ಸಂಪತ್‌ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1953ರಲ್ಲೇ ಇದರ ಬುಡವನ್ನು ಸ್ಪಷ್ಟಪಡಿಸಿತ್ತು: ದಾಸ್ತಾನಿಗೆ ಬೆಲೆ ಕಟ್ಟುವುದರಿಂದ ಲಾಭ ಹುಟ್ಟುವುದಿಲ್ಲ, ಮಾರದೆ ಉಳಿದ ಮಾಲಿನ ಖರ್ಚನ್ನು ಆ ವರ್ಷದ ಲೆಕ್ಕದಿಂದ ಹೊರಗಿಡಲು ಬೆಲೆ ಕಟ್ಟುತ್ತೇವೆ.

ತೆರಿಗೆ ಕಡಿಮೆಯಾಗುತ್ತದೆ ಎಂಬುದು ಸಮಂಜಸ ಕಾರಣವಲ್ಲ. ಕಾರಣ ಗೋದಾಮಿನ ನೆಲದ ಮೇಲೆ ಸಿಗಬೇಕು. ಬೇರೆ ಬೇರೆ ತಿಂಗಳು ಕೊಂಡ ರಾಶಿಯನ್ನು ಒಟ್ಟಿಗೆ ಸುರಿದು, ಬೆರೆಸಿ, ಮತ್ತೆ ಚೀಲ ತುಂಬುವ ಪರಿಪಾಠವಿದ್ದರೆ ಯಾವ ಚೀಲ ಯಾವ ಖರೀದಿಯದು ಎಂದು ಹೇಳಲು ಬರುವುದಿಲ್ಲ. ಅಲ್ಲಿ ಸರಾಸರಿಯೇ ಸತ್ಯಕ್ಕೆ ಹತ್ತಿರ, ಅದನ್ನು ಬರೆದಿಟ್ಟು ಬದಲಾಯಿಸಬಹುದು. ಪ್ರತಿ ಲಾಟಿಗೂ ಗುರುತು ಹಾಕಿ ಬೇರೆಬೇರೆಯಾಗಿ ಇಡುವವರಿಗೆ ಈ ಮಾತು ಒಪ್ಪುವುದಿಲ್ಲ. ಬದಲಾಯಿಸಿದ ಮೇಲೆ, ಅದರಿಂದ ಲಾಭ 10.8 ಲಕ್ಷ ಕಡಿಮೆಯಾಯಿತು ಎಂಬುದನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ನಮೂದಿಸಬೇಕು. ತೆರಿಗೆ ಆಡಿಟ್ಟಿನ 3ಸಿಡಿ ನಮೂನೆಯಲ್ಲೂ ದಾಸ್ತಾನಿನ ಪದ್ಧತಿ ಯಾವುದೆಂದು ಬರೆಯಲು ಕಲಂ ಇದೆ, ಆದ್ದರಿಂದ ಬದಲಾವಣೆ ಅಧಿಕಾರಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬರುವ ವರ್ಷ ದರ ಇಳಿಯಿತೆಂದು ಮತ್ತೆ ಫಿಫೊಗೆ ಹೊರಳಿದರೆ, ಮೊದಲ ಸಲ ಕೊಟ್ಟ ಕಾರಣವನ್ನೂ ಯಾರೂ ನಂಬುವುದಿಲ್ಲ.

ತಪ್ಪು ನುಸುಳುವುದು ಹೆಚ್ಚಾಗಿ ಕಂಪ್ಯೂಟರಿನಲ್ಲಿ. ಟ್ಯಾಲಿಯಲ್ಲಿ ಸರಕಿನ ಮಾಸ್ಟರಿಗೆ ಹೋಗಿ ಕಾಸ್ಟಿಂಗ್ ಮೆಥಡ್ ಬದಲಾಯಿಸಿದರೆ ಅದು ಈ ವರ್ಷಕ್ಕಷ್ಟೇ ತಗುಲುವುದಿಲ್ಲ, ಅದೇ ಕಂಪನಿಯ ಡೇಟಾದಲ್ಲಿರುವ ಹಿಂದಿನ ವರ್ಷಗಳ ದಾಸ್ತಾನೂ ಹೊಸ ಪದ್ಧತಿಗೆ ಹೊರಳುತ್ತದೆ. ಆಗ ಕಳೆದ ಮಾರ್ಚಿನ ಬೆಲೆ ಆಗಲೇ ಸಲ್ಲಿಸಿದ ರಿಟರ್ನಿಗೆ ತಾಳೆಯಾಗುವುದಿಲ್ಲ. ಪತ್ತೆ ಮಾಡುವುದು ಸುಲಭ: ಪರದೆಯಲ್ಲಿ ಕಳೆದ ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿ ತೆರೆದು, ಸಹಿಯಾದ ಪ್ರತಿಯ ದಾಸ್ತಾನಿನ ಅಂಕಿಯೊಡನೆ ಹೋಲಿಸಬೇಕು. ನಮ್ಮ ಉದಾಹರಣೆಯಲ್ಲಿ ಅಲ್ಲಿ 46 ಲಕ್ಷವೇ ಇರಬೇಕು. ಅದೇ ಪಟ್ಟಿಯಲ್ಲಿ ಲಿಫೊ ಆಯ್ಕೆಯೂ ಕಾಣುತ್ತದೆ, ಕಂಡಿತೆಂದು ಒತ್ತಬಾರದು. ಸಂಸ್ಥೆ ಮಂಡಿಯನ್ನೂ ನಡೆಸುತ್ತಿದ್ದರೆ ಇನ್ನೊಂದು ಎಚ್ಚರ ಬೇಕು: ಕಮಿಷನ್ ಮೇಲೆ ಮಾರಿಕೊಡಲು ರೈತರು ತಂದಿಟ್ಟ ಅಡಿಕೆ ರೈತರದ್ದು, ಯಾವ ಪದ್ಧತಿಯಲ್ಲೂ ಅದು ಈ ದಾಸ್ತಾನಿಗೆ ಸೇರುವುದಿಲ್ಲ.

ಟಿಪ್ಪಣಿಯ ಕೊನೆಯ ಭಾಗ ಬ್ಯಾಂಕಿನದು, ನನ್ನ ಮಟ್ಟಿಗೆ ತೀರ್ಮಾನವನ್ನು ಬಹಳಷ್ಟು ಸಲ ಇದೇ ಮಾಡುತ್ತದೆ. ಸಿಸಿ ಸಾಲದಲ್ಲಿ ಎಷ್ಟು ಎತ್ತಬಹುದು ಎಂಬುದನ್ನು ಬ್ಯಾಂಕು ದಾಸ್ತಾನಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತದೆ. ಶೇ. 25 ಮಾರ್ಜಿನ್ ಹಿಡಿಯುವ ಖಾತೆಯಲ್ಲಿ ದಾಸ್ತಾನು 10.8 ಲಕ್ಷ ಇಳಿದರೆ ಎತ್ತುವ ಮಿತಿ 8 ಲಕ್ಷ 10 ಸಾವಿರ ಇಳಿಯುತ್ತದೆ. ತೆರಿಗೆಯಲ್ಲಿ 3.37 ಲಕ್ಷ ಒಂದು ವರ್ಷ ಉಳಿಯಿತು, ಆದರೆ ಖರೀದಿಯ ಹಂಗಾಮಿನಲ್ಲಿ 8.1 ಲಕ್ಷ ಕೈತಪ್ಪಿತು. ಮಿತಿಯ ತುದಿಯವರೆಗೆ ಸಾಲ ಬಳಸುವ ವರ್ತಕರಿಗೆ ಇದು ನಷ್ಟದ ಬದಲಾವಣೆ. ಮಿತಿಯಲ್ಲಿ ಅರ್ಧವನ್ನೂ ಮುಟ್ಟದವರಿಗೆ ಇದರಿಂದ ತೊಂದರೆಯಿಲ್ಲ. ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ಪದ್ಧತಿಯ ದೊಡ್ಡ ಅಂಕಿ, ರಿಟರ್ನಿನಲ್ಲಿ ಹೊಸ ಪದ್ಧತಿಯ ಸಣ್ಣ ಅಂಕಿ ಎಂದು ಎರಡು ಇಡುವ ಆಸೆ ಮಾತ್ರ ಯಾರಿಗೂ ಬೇಡ. ತನಿಖೆಗೆ ಕೂತ ಅಧಿಕಾರಿ ಬ್ಯಾಂಕಿನಿಂದ ಸ್ಟೇಟ್‌ಮೆಂಟು ತರಿಸಿಕೊಂಡು ನೋಡಬಲ್ಲರು, ಹೆಚ್ಚಾಗಿ ಕಂಡ ದಾಸ್ತಾನಿಗೆ ದುಡ್ಡು ಎಲ್ಲಿಂದ ಬಂತು ಎಂದೂ ಕೇಳಬಲ್ಲರು.

ಈ ವರ್ತಕರಿಗಾದರೆ ನಾನು ಬರೆಯುವುದು ಇಷ್ಟು. ನಿಮ್ಮ ಗೋದಾಮಿನಲ್ಲಿ ಲಾಟುಗಳು ನಿಜವಾಗಿ ಬೆರೆಯುತ್ತಿದ್ದರೆ, ಪ್ರತಿ ಖರೀದಿಗೂ ತೆಗೆಯುವ ಸರಾಸರಿಗೆ ಬನ್ನಿ. ಕಾರಣವನ್ನು ಪಾಲುದಾರರೆಲ್ಲ ಸಹಿ ಮಾಡಿದ ನಿರ್ಣಯವಾಗಿ ಬರೆದಿಡಿ. ಕಡಿಮೆಯಾದ 76,900 ರೂಪಾಯಿಯನ್ನು ಮುಂದಿನ ವರ್ಷದ ಮುಂಗಡ ತೆರಿಗೆಗೆ ಎತ್ತಿಡಿ. ಬೆರೆಯುತ್ತಿಲ್ಲವಾದರೆ ಫಿಫೊದಲ್ಲೇ ಇರಿ, 6,86,400 ರೂಪಾಯಿ ಕಟ್ಟಿ.