ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂತಾ? ಮೊದಲು ಮಗ್ಗುಲಿಗೆ ಮಲಗಿಸಿ, ಟೈಮ್ ನೋಡಿ

“ಸಿಸ್ಟರ್, ಮಗು ಕೈಬಿಟ್ಟೇ ಹೋಯ್ತು ಅಂದ್ಕೊಂಡ್ವಿ.” ಮಕ್ಕಳ ವಾರ್ಡ್‌ನಲ್ಲಿ ನರ್ಸ್ ಆಗಿರುವ ನಾನು ಈ ಮಾತನ್ನು ಎಷ್ಟೋ ಅಪ್ಪ-ಅಮ್ಮಂದಿರ ಬಾಯಲ್ಲಿ ಕೇಳಿದ್ದೇನೆ. ಜ್ವರದ ಫಿಟ್ಸ್ ನೋಡೋಕೆ ಹಾಗೇ ಇರುತ್ತದೆ. ಆದರೆ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಹೆಚ್ಚಿನ ಸಲ ಎರಡು-ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ, ಮಿದುಳಿಗೆ ಹಾನಿಯಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಅಕ್ಕನ ಮಗನಿಗೂ ಬಂತು. ಒಂದೂವರೆ ವರ್ಷದ ಪುಟ್ಟ. ಬೆಳಿಗ್ಗೆಯಿಂದ ನೆಗಡಿ, ಸಂಜೆಗೆ 102 ಡಿಗ್ರಿ ಜ್ವರ. ಭಾವನ ತೊಡೆ ಮೇಲಿದ್ದವನು ಇದ್ದಕ್ಕಿದ್ದಂತೆ ಸೆಟೆದುಕೊಂಡ. ಕಣ್ಣು ಮೇಲಕ್ಕೆ ಹೋದವು, ಎರಡೂ ಕೈಕಾಲು ಅದುರತೊಡಗಿದವು, ಬಾಯಲ್ಲಿ ನೊರೆ. ಕರೆದರೆ ಪ್ರತಿಕ್ರಿಯೆಯೇ ಇಲ್ಲ.

ಚಾಪೆ ಮೇಲೆ ಮಗ್ಗುಲಾಗಿ ಮಲಗಿಸಿದೆ. ಹಾಗೆ ಮಲಗಿಸಿದರೆ ಜೊಲ್ಲು, ವಾಂತಿ ಹೊರಗೆ ಹರಿಯುತ್ತದೆ, ಉಸಿರಿನ ದಾರಿಗೆ ಹೋಗುವುದಿಲ್ಲ. ಕತ್ತಿನ ಬಟನ್ ಬಿಚ್ಚಿದೆ. “ಅಕ್ಕಾ, ಟೈಮ್ ನೋಡು. ಭಾವ, ನೀವು ವಿಡಿಯೊ ಮಾಡಿ” ಅಂದೆ. ಅಷ್ಟರಲ್ಲಿ ಅಕ್ಕನ ಅತ್ತೆ ಕೈಗೆ ಹಿಡಿಸೋಕೆ ಬೀಗದ ಕೈ ತಂದರು. “ಬೇಡ ಅಮ್ಮ, ಅದರಿಂದ ನಿಲ್ಲಲ್ಲ, ಅವನಿಗೆ ಚುಚ್ಚಬಹುದು” ಅಂದೆ. ಬಾಯಿಗೆ ಚಮಚ, ಬೆರಳು, ನೀರು, ಸಿರಪ್ ಯಾವುದೂ ಹಾಕಬಾರದು. ನಾಲಿಗೆ ನುಂಗಿಹೋಗುವುದಿಲ್ಲ, ಹಲ್ಲು ಮುರಿಯುತ್ತೆ, ಉಸಿರುಗಟ್ಟುತ್ತೆ ಅಷ್ಟೆ. ಅದುರುವ ಕೈಕಾಲನ್ನು ಒತ್ತಿ ಹಿಡಿಯಲೂಬಾರದು.

ಎರಡು ನಿಮಿಷಕ್ಕೆ ಅದುರು ನಿಂತಿತು. ಪುಟ್ಟ ಮಂಕಾಗಿ ನಿದ್ದೆಗೆ ಜಾರಿದ, ಅರ್ಧ ಗಂಟೆಯಲ್ಲಿ ಎದ್ದು ಅಮ್ಮನನ್ನು ಹುಡುಕಿದ. ಆದರೂ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲ ಸಲ ಬಂದಾಗ ಅದೇ ದಿನ ಡಾಕ್ಟರ್ ನೋಡಲೇಬೇಕು. ಜ್ವರ ಯಾಕೆ ಬಂತು, ಮಿದುಳು ಜ್ವರವಲ್ಲ ತಾನೆ ಎಂದು ಅವರು ಪರೀಕ್ಷಿಸುತ್ತಾರೆ. ವಿಡಿಯೊ ನೋಡಿದ ಡಾಕ್ಟರ್‌ಗೆ ಅದುರು ಎರಡೂ ಕಡೆ ಇತ್ತು ಅನ್ನೋದು ಸ್ಪಷ್ಟವಾಯಿತು.

ಟೈಮ್ ನೋಡೋಕೆ ಹೇಳಿದ್ದಕ್ಕೆ ಕಾರಣವಿದೆ. 5 ನಿಮಿಷ ದಾಟಿದರೆ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಮ್ಮಿಯಾಗುತ್ತದೆ, ನಿಲ್ಲಿಸೋಕೆ ಔಷಧಿ ಬೇಕು. ಆಗ ತಡಮಾಡದೆ 108ಕ್ಕೆ ಫೋನ್ ಮಾಡಿ. ಒಂದೇ ದಿನದಲ್ಲಿ ಮತ್ತೆ ಬಂದರೆ, ಒಂದೇ ಕಡೆಯ ಕೈಕಾಲು ಅದುರಿದರೆ, ನಿಂತ ಮೇಲೂ ಉಸಿರಾಟ ಕಷ್ಟವಾಗಿದ್ದರೆ, ಒಂದು ಗಂಟೆಯಾದರೂ ಮಗು ಸರಿಯಾಗಿ ಎಚ್ಚರವಾಗದಿದ್ದರೆ, ಕತ್ತು ಬಿಗಿಯಾಗಿದ್ದರೆ ಅಥವಾ ವಯಸ್ಸು 6 ತಿಂಗಳೊಳಗಿದ್ದರೆ ಕೂಡ ಅದು ತುರ್ತು ಸ್ಥಿತಿಯೇ.

ಮತ್ತೆ ಬರುತ್ತಾ? ಮೂರರಲ್ಲಿ ಒಂದು ಮಗುವಿಗೆ ಇನ್ನೊಂದು ಜ್ವರದಲ್ಲಿ ಬರಬಹುದು. ಪ್ಯಾರಾಸಿಟಮಾಲ್ ಮಗುವಿನ ಸಂಕಟ ಕಡಿಮೆ ಮಾಡುತ್ತದೆ, ಆದರೆ ಫಿಟ್ಸ್ ತಡೆಯುತ್ತದೆ ಎಂದು ನಂಬಿ ಹೆಚ್ಚು ಡೋಸ್ ಕೊಡಬೇಡಿ. ಇವರಲ್ಲಿ ಬಹುಪಾಲು ಮಕ್ಕಳಿಗೆ ಮುಂದೆ ಮೂರ್ಛೆರೋಗ ಬರುವುದಿಲ್ಲ. ಮಗು ಅಜ್ಜಿ ಹತ್ತಿರವೋ ಡೇಕೇರ್‌ನಲ್ಲೋ ಇರುವುದಾದರೆ, ಮಗ್ಗುಲಿಗೆ ಮಲಗಿಸೋದು ಹೇಗೆ ಅಂತ ಅವರಿಗೂ ಒಮ್ಮೆ ಮಾಡಿ ತೋರಿಸಿ.