ಮನೆಗೆ ಅರವತ್ತೈದು ಡಾಲರ್

ನವೆಂಬರ್ 1 ಯಾವ ವಾರ ಬಂದರೂ ಅಮೆರಿಕದ ಸಣ್ಣ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವ ಸಾಮಾನ್ಯವಾಗಿ ಶನಿವಾರವೋ ಭಾನುವಾರವೋ ನಡೆಯುತ್ತದೆ. ಸ್ವಂತ ಕಟ್ಟಡವಿಲ್ಲದ ಕೂಟ ಶಾಲೆಯ ಸಭಾಂಗಣವನ್ನೋ ದೇವಸ್ಥಾನದ ಹಾಲನ್ನೋ ತಿಂಗಳುಗಳ ಮೊದಲೇ ಗೊತ್ತುಮಾಡಬೇಕು. ಖಜಾಂಚಿಯ ಪೇಚಾಟ ಅಲ್ಲಿಂದಲೇ ಶುರು. ಎಷ್ಟು ಜನ ಬರುತ್ತಾರೆಂದು ತಿಳಿಯುವ ಮೊದಲೇ ಮನೆಗೆ ಎಷ್ಟು ದುಡ್ಡು ಎಂದು ಹೇಳಿಬಿಡಬೇಕು.

‘ಖಂಡಿತ ಬರ್ತೀವಿ’ ಎಂಬ ಮಾತನ್ನು ಪಳಗಿದವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ನೋಡುವುದು ಕಾರ್ಯಕ್ರಮಗಳ ಪಟ್ಟಿಯನ್ನು. ಕುಣಿಯುವ ಮಗು ಇರುವ ಮನೆಯವರು ಜ್ವರವಿದ್ದರೂ ಬರುತ್ತಾರೆ. ಆ ಮನೆಗಳನ್ನೂ ಮುಂಗಡ ಕಟ್ಟಿದವರನ್ನೂ ಒಂದೊಂದೇ ಸಲ ಎಣಿಸಿದರೆ ಖಾತ್ರಿ ಸಂಖ್ಯೆ ಸಿಕ್ಕಿತು. ಯುಗಾದಿಯ ಲೆಕ್ಕವನ್ನು ಮಾತ್ರ ಇಲ್ಲಿಗೆ ಎತ್ತಿಕೊಳ್ಳಬಾರದು. ಊರಿಂದ ಬಂದ ಅಪ್ಪ ಅಮ್ಮಂದಿರಲ್ಲಿ ಹಲವರು ಚಳಿ ಬೀಳುವ ಮೊದಲೇ ಮರಳಿರುತ್ತಾರೆ.

ದರ ಕಟ್ಟುವ ಬಗೆ ಹೀಗೆ. ಹಾಲ್ ಬಾಡಿಗೆ, ವಿಮೆ, ಮೈಕು, ಅಲಂಕಾರ ಸೇರಿ 1100 ಡಾಲರ್ ಎಂದುಕೊಳ್ಳಿ. ನೂರು ಜನ ಬಂದರೂ ಇನ್ನೂರು ಬಂದರೂ ಇದು ಕದಲುವುದಿಲ್ಲ. ಊಟ ತಲೆಗೆ 14 ಡಾಲರ್. ಇಬ್ಬರು ದೊಡ್ಡವರು, ಅರ್ಧ ಊಟದ ಒಂದು ಮಗು ಎಂದರೆ ಮನೆಗೆ 35. ಐವತ್ತು ಮನೆ ಬರಬಹುದೆಂದು ಆಸೆಯಿದ್ದರೂ 1100ನ್ನು ಖಾತ್ರಿಯಾದ 40ರಿಂದಲೇ ಭಾಗಿಸಬೇಕು. 27 ಡಾಲರ್ 50 ಸೆಂಟ್ ಬರುತ್ತದೆ. ಒಟ್ಟು 62.50, ಚಿಲ್ಲರೆ ಬೇಡವೆಂದು 65. ಐವತ್ತೂ ಮನೆ ಬಂದರೆ 400 ಡಾಲರ್ ಉಳಿಯಿತು. ವಿದ್ಯಾರ್ಥಿಗಳಿಗೆ ಕೊಟ್ಟ ರಿಯಾಯಿತಿ, ಅಜ್ಜ ಅಜ್ಜಿಯರ ಉಚಿತ ಊಟ ಅದರಲ್ಲೇ ಸರಿದೂಗುತ್ತದೆ.

ಮಕ್ಕಳಿಲ್ಲದ ದಂಪತಿ ಮಾತ್ರ ‘ನಾವಿಬ್ಬರೇ, ನಮಗೂ ಅಷ್ಟೇನಾ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮಗುವಿನ ಪಾಲಿನ 7 ಡಾಲರ್ ಕಳೆದು ಅವರಿಗೆ 58 ಎಂದುಬಿಡುವುದು ಮೇಲು. ಇಲ್ಲದಿದ್ದರೆ ಮುಂದಿನ ಸಲ ಅವರು ಬರುವುದೇ ಅನುಮಾನ.

ದುಡ್ಡು ಬಾಗಿಲಲ್ಲಿ ವಸೂಲು ಮಾಡಿದರೆ ಎಣಿಕೆ ಕೆಡುತ್ತದೆ. ಅಡುಗೆಯವರಿಗೆ ಕೊನೆಯ ಸಂಖ್ಯೆಯನ್ನು ಕೆಲವು ದಿನ ಮೊದಲೇ ಹೇಳಬೇಕು. ಅದಕ್ಕೇ ಸಂಖ್ಯೆ ಹೇಳುವ ದಿನದೊಳಗೆ ಕಟ್ಟಿದವರಿಗೆ 65, ಬಾಗಿಲಲ್ಲಿ 75. ಈ ಹತ್ತು ಡಾಲರ್ ಆದಾಯಕ್ಕಲ್ಲ, ಬೇಗ ಹೇಳಲಿ ಎಂದು.

ಇಷ್ಟಾದರೂ ಊಟ ಸಾಲದೆ ಬರುವುದುಂಟು. ನಾನು ಖಜಾಂಚಿಯಾಗಿದ್ದ ವರ್ಷ ಬಿಸಿಬೇಳೆಬಾತ್ ಮಿಕ್ಕಿತು, ಹೋಳಿಗೆ ಮುಗಿಯಿತು. ಸೌಟಿನಲ್ಲಿ ಬಡಿಸುವುದು ಹಿಗ್ಗುತ್ತದೆ, ಎಣಿಸಿ ತರಿಸಿದ್ದು ಹಿಗ್ಗುವುದಿಲ್ಲ. ಸಾಲಿನಲ್ಲಿ ಮೂರನೇ ಒಂದು ಪಾಲು ಜನ ದಾಟುವಷ್ಟರಲ್ಲಿ ಟ್ರೇ ಅರ್ಧ ಖಾಲಿಯಾದರೆ ಅಪಾಯವೆಂದು ಅರ್ಥ. ಈಗ ಹೋಳಿಗೆ, ವಡೆಯ ಟ್ರೇ ಮುಂದೆ ಒಬ್ಬ ಗಟ್ಟಿಗಿತ್ತಿಯನ್ನು ನಿಲ್ಲಿಸುತ್ತೇವೆ. ತಲೆಗೆ ಒಂದು, ಎಲ್ಲರದೂ ಆದ ಮೇಲೆ ಎರಡನೆಯದು.